ಉಳಿದ ಗೇರುಬೀಜಕ್ಕೆ ಯಾವ ದರ?

ಮಾರ್ಚ್ ಮುಗಿದು ವರ್ಷದ ಲೆಕ್ಕ ಮುಚ್ಚುವ ಹೊತ್ತಿಗೆ ಓದುಗರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಗೋದಾಮಿನಲ್ಲಿ ಎಷ್ಟು ಮಾಲು ಉಳಿದಿದೆ ಎಂದು ತೂಗಿ ನೋಡಿಯಾಗಿದೆ, ಖರೀದಿ ಬಿಲ್ಲುಗಳೆಲ್ಲ ಕಂಪ್ಯೂಟರಿಗೆ ಏರಿವೆ, ಮಾರಾಟದಲ್ಲೂ ತಕರಾರಿಲ್ಲ. ಆದರೂ ಸಾಫ್ಟ್‌ವೇರಿನ ಒಂದೇ ಒಂದು ಆಯ್ಕೆಯನ್ನು ಫಿಫೊದಿಂದ ಸರಾಸರಿಗೆ ಬದಲಿಸಿದರೆ ಲಾಭ ಲಕ್ಷಗಟ್ಟಲೆ ಏರಿಳಿಯುತ್ತದೆ. ಹಾಗಾದರೆ ನಿಜವಾದ ಲಾಭ ಯಾವುದು? ಈ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಬೇಕು ಎಂಬುದು ನನ್ನ ವಾದ. ಫಿಫೊ, ಸರಾಸರಿ, ಸ್ಟ್ಯಾಂಡರ್ಡ್ ಕಾಸ್ಟ್ ಎಂಬ ಮೂರು ಪದ್ಧತಿಗಳಲ್ಲಿ ಯಾವುದೂ ಒಂದು ರೂಪಾಯಿಯನ್ನು ಹುಟ್ಟಿಸುವುದಿಲ್ಲ, ಕಳೆಯುವುದೂ ಇಲ್ಲ. ಪೇಟೆಯಲ್ಲಿ ದರ ಏರಿದ ಅಥವಾ ಇಳಿದ ಸುದ್ದಿ ನಮ್ಮ ವರದಿಯ ಯಾವ ತಿಂಗಳಲ್ಲಿ, ಯಾವ ಸಾಲಿನಲ್ಲಿ ಕಾಣಬೇಕು ಎಂಬುದನ್ನು ಮಾತ್ರ ಅವು ತೀರ್ಮಾನಿಸುತ್ತವೆ. ಅದು ಸಣ್ಣ ವಿಷಯವೇನಲ್ಲ. ಮಾಲೀಕ ನಾಳೆ ಯಾವ ದರಕ್ಕೆ ಮಾರುತ್ತಾನೆ, ಬ್ಯಾಂಕು ಎಷ್ಟು ಸಾಲ ಕೊಡುತ್ತದೆ, ಪಾಲುದಾರರು ಎಷ್ಟು ಹಂಚಿಕೊಳ್ಳುತ್ತಾರೆ ಎಂಬುದೆಲ್ಲ ಆ ಸಾಲನ್ನು ನೋಡಿಯೇ ನಿರ್ಧಾರವಾಗುತ್ತದೆ.

ಕೋಡಿಯಿಂದ ಬೈಂದೂರಿನವರೆಗೆ, ಇತ್ತ ಬ್ರಹ್ಮಾವರದವರೆಗೆ ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಗೇರುಬೀಜದ ಕಾರ್ಖಾನೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಊರಿನ ಬೀಜ ಸಿಗುವುದು ಸುಮಾರಾಗಿ ಮಾರ್ಚ್‌ನಿಂದ ಮೇವರೆಗೆ, ಮಳೆ ಹಿಡಿಯುವ ಮೊದಲು. ಅದೊಂದರಿಂದ ವರ್ಷವಿಡೀ ಕಾರ್ಖಾನೆ ನಡೆಯುವುದಿಲ್ಲವಾದ್ದರಿಂದ ಉಳಿದ ತಿಂಗಳುಗಳಿಗೆ ಆಫ್ರಿಕಾದ ಬೀಜ ಬರಬೇಕು. ಐವರಿ ಕೋಸ್ಟ್, ಗಿನಿ ಬಿಸ್ಸಾವ್ ಮೊದಲಾದ ಪಶ್ಚಿಮ ಆಫ್ರಿಕಾದ ದೇಶಗಳ ಬೆಳೆ ಒಂದು ಕಾಲಕ್ಕೆ ಸಿಕ್ಕರೆ ತಾಂಜಾನಿಯಾದ ಬೆಳೆ ಅಕ್ಟೋಬರ್ ಕಳೆದ ಮೇಲೆ. ಪಣಂಬೂರಿನ ಬಂದರಿನಲ್ಲೋ ತೂತ್ತುಕುಡಿಯಲ್ಲೋ ಇಳಿದ ಮಾಲು ಲಾರಿ ಏರಿ ಇಲ್ಲಿಗೆ ತಲುಪುವಷ್ಟರಲ್ಲಿ ಡಾಲರ್ ದರ, ಸುಂಕ, ಬಾಡಿಗೆ ಎಲ್ಲ ಸೇರಿ ಪ್ರತಿ ಲೋಡಿನ ದರ ಬೇರೆಯಾಗಿರುತ್ತದೆ. ಹೀಗೆ ಒಂದೇ ಗೋದಾಮಿನಲ್ಲಿ ಒಂದೇ ಹೆಸರಿನ ಮಾಲು ಮೂರು ದರಗಳಲ್ಲಿ ಕೂತಿರುತ್ತದೆ. ಮೌಲ್ಯಮಾಪನದ ತಲೆನೋವು ಹುಟ್ಟುವುದು ಇಲ್ಲೇ. ವರ್ಷವಿಡೀ ಒಂದೇ ದರಕ್ಕೆ ಕೊಳ್ಳುವ ಭಾಗ್ಯವಿದ್ದವರಿಗೆ ಫಿಫೊ, ಸರಾಸರಿ, ಸ್ಟ್ಯಾಂಡರ್ಡ್ ಮೂರೂ ಒಂದೇ ಉತ್ತರ ಕೊಡುತ್ತವೆ.

ಒಂದು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಏಪ್ರಿಲ್ 1ಕ್ಕೆ ಗೋದಾಮು ಖಾಲಿ. ಏಪ್ರಿಲ್ ಮತ್ತು ಮೇಯಲ್ಲಿ ಊರಿನ ಬೀಜ 40 ಟನ್, ಕಿಲೋಗೆ 120 ರೂಪಾಯಿಯಂತೆ ಕೊಂಡರು, 48 ಲಕ್ಷವಾಯಿತು. ಅದರಲ್ಲಿ 20 ಟನ್ ಒಡೆದಾದ ಮೇಲೆ ಆಗಸ್ಟ್‌ನಲ್ಲಿ ಪಶ್ಚಿಮ ಆಫ್ರಿಕಾದ ಬೀಜ 60 ಟನ್ ಬಂತು, ಕಾರ್ಖಾನೆ ಬಾಗಿಲಿಗೆ ಕಿಲೋಗೆ 140ರಂತೆ 84 ಲಕ್ಷ. ಜನವರಿಯೊಳಗೆ ಇನ್ನೂ 60 ಟನ್ ಒಡೆದರು. ಜನವರಿಯಲ್ಲಿ ದರ ಜಿಗಿದು 165 ಆಗಿತ್ತು. ಆ ದರಕ್ಕೆ ತಾಂಜಾನಿಯಾದ ಬೀಜ 20 ಟನ್, 33 ಲಕ್ಷ. ಆ ಬಳಿಕ ಮಾರ್ಚ್ 31ರವರೆಗೆ ಒಡೆದದ್ದು 10 ಟನ್. ಒಟ್ಟು ಖರೀದಿ 120 ಟನ್, 165 ಲಕ್ಷ. ಒಡೆದದ್ದು 90 ಟನ್, ಉಳಿದದ್ದು 30 ಟನ್. ಲೆಕ್ಕ ಸುಲಭವಾಗಲೆಂದು ಬೀಜದ ಕಾಲು ಭಾಗ ತಿರುಳು ಸಿಗುತ್ತದೆ ಎಂದುಕೊಳ್ಳಿ. ವ್ಯಾಪಾರಿಗಳ ಭಾಷೆಯಲ್ಲಿ ಹೇಳುವುದಾದರೆ 80 ಕಿಲೋ ಚೀಲಕ್ಕೆ 44 ಪೌಂಡ್ ಔಟ್‌ಟರ್ನ್. ಅಂದರೆ 22.5 ಟನ್ ತಿರುಳು, ಅದೆಲ್ಲ ಸರಾಸರಿ ಕಿಲೋಗೆ 700ರಂತೆ ಮಾರಿ 157.5 ಲಕ್ಷ ಬಂತು. ಬೇಯಿಸಿ, ಒಡೆದು, ಸಿಪ್ಪೆ ತೆಗೆದು, ಗ್ರೇಡ್ ಮಾಡಿ, ಪ್ಯಾಕ್ ಮಾಡುವ ಖರ್ಚು 25 ಲಕ್ಷ. ಚಿಪ್ಪು, ಎಣ್ಣೆಯ ಆದಾಯವನ್ನು ಸದ್ಯಕ್ಕೆ ಬದಿಗಿಡೋಣ.

ಈಗ ಉಳಿದ 30 ಟನ್‌ಗೆ ಬೆಲೆ ಕಟ್ಟಬೇಕು. ಫಿಫೊ ಹೇಳುವುದು, ಮೊದಲು ಬಂದದ್ದು ಮೊದಲು ಹೋಯಿತು ಎಂದು. ಹಾಗಾಗಿ ಉಳಿದದ್ದರಲ್ಲಿ 20 ಟನ್ ಜನವರಿಯದು, 10 ಟನ್ ಆಗಸ್ಟ್‌ನದು. ಬೆಲೆ 47 ಲಕ್ಷ. ಒಡೆದ ಬೀಜದ ವೆಚ್ಚ 118 ಲಕ್ಷ, ಲಾಭ 14.5 ಲಕ್ಷ. ಸರಾಸರಿ ಪದ್ಧತಿಯಲ್ಲಿ ಎರಡು ಬಗೆ ಇದೆ, ಇದನ್ನು ಅನೇಕರು ಗಮನಿಸುವುದಿಲ್ಲ. ಪ್ರತಿ ಲೋಡ್ ಬಂದಾಗಲೂ ಆ ಹೊತ್ತಿಗೆ ಉಳಿದಿರುವ ಮಾಲಿನ ಜೊತೆ ಬೆರೆಸಿ ಹೊಸ ದರ ಕಟ್ಟುವುದು ಒಂದು ಬಗೆ. ಆಗಸ್ಟ್‌ನಲ್ಲಿ 120ರ 20 ಟನ್ ಮತ್ತು 140ರ 60 ಟನ್ ಸೇರಿ ದರ 135 ಆಗುತ್ತದೆ. ಜನವರಿಯಲ್ಲಿ 135ರ 20 ಟನ್ ಮತ್ತು 165ರ 20 ಟನ್ ಸೇರಿ 150. ಕೊನೆಗೆ ಉಳಿದ 30 ಟನ್‌ಗೆ 45 ಲಕ್ಷ, ಲಾಭ 12.5 ಲಕ್ಷ. ಇಆರ್‌ಪಿನೆಕ್ಸ್ಟ್‌ನಲ್ಲಿ `Moving Average` ಎಂದೂ ಎಸ್‌ಎಪಿಯಲ್ಲಿ `V` ಎಂಬ ಗುರುತಿನಲ್ಲೂ ಇರುವುದು ಇದೇ. ಇನ್ನೊಂದು ಬಗೆಯಲ್ಲಿ ವರ್ಷದ ಒಟ್ಟು ಖರೀದಿಯನ್ನು ಒಟ್ಟು ತೂಕದಿಂದ ಒಮ್ಮೆಲೇ ಭಾಗಿಸುತ್ತಾರೆ: 165 ಲಕ್ಷ, 120 ಟನ್, ಕಿಲೋಗೆ 137.50. ಉಳಿದ ಮಾಲು 41.25 ಲಕ್ಷ, ಲಾಭ 8.75 ಲಕ್ಷ. ಎರಡಕ್ಕೂ ಹೆಸರು ಸರಾಸರಿಯೇ, ಆದರೆ ಲಾಭದಲ್ಲಿ ಮೂರು ಮುಕ್ಕಾಲು ಲಕ್ಷದ ಅಂತರ. ಲೆಕ್ಕ ಬರೆಯುವವರು ಒಂದು ಅರ್ಥದಲ್ಲಿ ಸರಾಸರಿ ಎಂದರೆ ಸಾಫ್ಟ್‌ವೇರ್ ಇನ್ನೊಂದು ಅರ್ಥದಲ್ಲಿ ತೆಗೆದುಕೊಂಡಿರಬಹುದು, ಹಾಗಾಗಿ ಯಾವ ಬಗೆಯ ಸರಾಸರಿ ಎಂದು ಮೊದಲೇ ಕೇಳಿಕೊಳ್ಳಬೇಕು.

ಸ್ಟ್ಯಾಂಡರ್ಡ್ ಕಾಸ್ಟ್‌ನ ದಾರಿಯೇ ಬೇರೆ. ವರ್ಷದ ಆರಂಭದಲ್ಲೇ ಬೀಜಕ್ಕೆ ಕಿಲೋಗೆ 130 ಎಂದು ನಿಗದಿ ಮಾಡಿಟ್ಟುಕೊಳ್ಳುತ್ತಾರೆ. ಬಿಲ್ಲು ಎಷ್ಟಕ್ಕೇ ಬರಲಿ, ಗೋದಾಮಿನ ಖಾತೆಗೆ ಮಾಲು ಏರುವುದು 130ರ ಲೆಕ್ಕದಲ್ಲೇ. ಬಿಲ್ಲಿಗೂ ನಿಗದಿ ದರಕ್ಕೂ ಇರುವ ಅಂತರ ಬೇರೆಯದೇ ಒಂದು ವ್ಯತ್ಯಾಸದ ಖಾತೆಗೆ ಹೋಗುತ್ತದೆ. ಏಪ್ರಿಲ್ ಮತ್ತು ಮೇಯ ಖರೀದಿಯಲ್ಲಿ ಕಿಲೋಗೆ 10 ರೂಪಾಯಿ ಉಳಿದು 4 ಲಕ್ಷ ಅನುಕೂಲ. ಆಗಸ್ಟ್‌ನಲ್ಲಿ 10 ರೂಪಾಯಿ ಹೆಚ್ಚಾಗಿ 6 ಲಕ್ಷ ಪ್ರತಿಕೂಲ. ಜನವರಿಯಲ್ಲಿ 35 ರೂಪಾಯಿ ಹೆಚ್ಚಾಗಿ 7 ಲಕ್ಷ ಪ್ರತಿಕೂಲ. ಕೂಡಿ ಕಳೆದರೆ 9 ಲಕ್ಷ ಹೆಚ್ಚು ಕೊಟ್ಟಿದ್ದೇವೆ. ಉಳಿದ ಮಾಲಿನ ಬೆಲೆ 39 ಲಕ್ಷ. ಆ 9 ಲಕ್ಷವನ್ನೂ ಈ ವರ್ಷದ ಖರ್ಚಿಗೇ ಬರೆದರೆ ಲಾಭ ಬರೇ 6.5 ಲಕ್ಷ. ಒಂದೇ ಕಾರ್ಖಾನೆ, ಅದೇ ಬೀಜ, ಅದೇ ಬ್ಯಾಂಕ್ ಬಾಕಿ. ಒಂದು ವರದಿಯಲ್ಲಿ 14.5 ಲಕ್ಷ, ಇನ್ನೊಂದರಲ್ಲಿ 6.5 ಲಕ್ಷ.

ಇಷ್ಟು ಅಂತರ ಕಂಡ ಕೂಡಲೇ ಯಾವುದೋ ಒಂದು ಸುಳ್ಳು ಎನ್ನಿಸುತ್ತದೆ. ಹಾಗಲ್ಲ ಎಂಬುದಕ್ಕೆ ಈ ಅಂಕಿಗಳಲ್ಲೇ ಸಾಕ್ಷ್ಯವಿದೆ. ವ್ಯತ್ಯಾಸದ 9 ಲಕ್ಷವನ್ನು ಪೂರ್ತಿ ಖರ್ಚಿಗೆ ಬರೆಯುವ ಬದಲು, ಕೊಂಡ 120 ಟನ್‌ನಲ್ಲಿ 30 ಟನ್ ಇನ್ನೂ ಗೋದಾಮಿನಲ್ಲಿದೆ ಎಂದು ಅದರ ಪಾಲಿನ 2.25 ಲಕ್ಷವನ್ನು ಮಾಲಿನ ಮೇಲೆ ಹಾಕಿ ನೋಡಿ. 39 ಲಕ್ಷ 41.25 ಲಕ್ಷವಾಗುತ್ತದೆ; ವರ್ಷದ ಸರಾಸರಿ ಕೊಟ್ಟ ಉತ್ತರಕ್ಕೆ ಚಾಚೂ ತಪ್ಪದೆ ಬಂದು ನಿಲ್ಲುತ್ತದೆ. ಅಂದರೆ ಸ್ಟ್ಯಾಂಡರ್ಡ್ ಎಂಬುದು ಬೇರೆಯೇ ಸತ್ಯವಲ್ಲ. ಸರಾಸರಿ ತನ್ನೊಳಗೆ ಬೆರೆಸಿಬಿಡುವ ಸಂಗತಿಯನ್ನು ಅದು ಬಿಡಿಸಿ ಪಕ್ಕದ ಸಾಲಿನಲ್ಲಿ ಇಡುತ್ತದೆ. ಆ ಸಾಲನ್ನು ವರ್ಷದ ಕೊನೆಗೆ ಏನು ಮಾಡುತ್ತೀರಿ ಎಂಬುದರ ಮೇಲೆ ಲಾಭ ನಿಂತಿದೆ. ಲೆಕ್ಕಪತ್ರದ ಮಾನದಂಡ ಎಎಸ್-2 ಕೂಡ ಇದನ್ನೇ ಹೇಳುತ್ತದೆ. ಅದು ಒಪ್ಪುವ ಸೂತ್ರಗಳು ಫಿಫೊ ಮತ್ತು ತೂಕದ ಸರಾಸರಿ. ಸ್ಟ್ಯಾಂಡರ್ಡ್ ಕಾಸ್ಟನ್ನು ಅನುಕೂಲಕ್ಕಾಗಿ ಬಳಸಬಹುದು, ಆದರೆ ಫಲಿತಾಂಶ ನಿಜವಾದ ವೆಚ್ಚಕ್ಕೆ ಹತ್ತಿರವಿರಬೇಕು. ಮೇಲಿನ ಉದಾಹರಣೆಯಲ್ಲಿ 9 ಲಕ್ಷವನ್ನೂ ಖರ್ಚಿಗೆ ಹಾಕಿ ಮಾಲನ್ನು 39 ಲಕ್ಷಕ್ಕೇ ಬಿಟ್ಟರೆ ಹತ್ತಿರ ಎನ್ನುವುದು ಕಷ್ಟ, ಆಡಿಟರ್ ಕೇಳಿಯೇ ಕೇಳುತ್ತಾರೆ. ಇನ್ನು ಕೆಲವು ಸಾಫ್ಟ್‌ವೇರಿನ ಪಟ್ಟಿಯಲ್ಲಿ `LIFO` ಎಂಬ ಆಯ್ಕೆಯೂ ಕಾಣುತ್ತದೆ. ಅದನ್ನು ಎಎಸ್-2 ಒಪ್ಪುವುದಿಲ್ಲ, ಪಟ್ಟಿಯಲ್ಲಿದೆ ಎಂದು ಆರಿಸಿಕೊಳ್ಳಬೇಡಿ.

ವರ್ಷದ ಅಂಕಿಗಿಂತ ತಿಂಗಳ ವರದಿಯಲ್ಲಿ ಈ ಪದ್ಧತಿಗಳ ಗುಣ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಜನವರಿಯಲ್ಲಿ ದರ 165ಕ್ಕೆ ಜಿಗಿದ ಸುದ್ದಿಯನ್ನು ಹಿಂಬಾಲಿಸೋಣ. ಫಿಫೊ ವರದಿಯ ಲಾಭ ನಷ್ಟದ ಪುಟದಲ್ಲಿ ಮಾರ್ಚ್ ಮುಗಿದರೂ ಈ ಸುದ್ದಿಯೇ ಇಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಒಡೆದ 10 ಟನ್ ಆಗಸ್ಟ್‌ನ 140ರಲ್ಲೇ ಖರ್ಚಾಗಿದೆ. 165ರ 20 ಟನ್ ಪೂರ್ತಿಯಾಗಿ ಆಸ್ತಿಯ ಪಟ್ಟಿಯಲ್ಲಿ ಕೂತಿದೆ. ಮಾಲೀಕ ಮಾರ್ಚ್‌ನ ಮಾರ್ಜಿನ್ ನೋಡಿ ನೆಮ್ಮದಿಯಿಂದ ಏಪ್ರಿಲ್ ತಿಂಗಳಿಗೆ ತಿರುಳಿನ ದರ ಒಪ್ಪಿಕೊಂಡರೆ, ಆ ಒಪ್ಪಂದ ಪೂರೈಸುವಾಗ ಒಡೆಯುವುದು ಹೆಚ್ಚಾಗಿ 165ರ ಬೀಜ. ಚಲಿಸುವ ಸರಾಸರಿಯಲ್ಲಿ ಸುದ್ದಿ ಅರ್ಧ ಬಂದಿದೆ: ಖರ್ಚಿನ ದರ 135ರಿಂದ 150ಕ್ಕೆ ಏರಿದೆ, ಆದರೆ ಯಾಕೆ ಏರಿತು ಎಂದು ಆ ಸಾಲು ಹೇಳುವುದಿಲ್ಲ. ಸ್ಟ್ಯಾಂಡರ್ಡ್‌ನಲ್ಲಿ ಮಾತ್ರ ಲೋಡ್ ಇಳಿದು ಬಿಲ್ಲು ಏರಿದ ದಿನವೇ 7 ಲಕ್ಷ ಎಂಬ ಅಂಕಿ ಒಂಟಿಯಾಗಿ ಎದ್ದು ನಿಲ್ಲುತ್ತದೆ. ಇದರಲ್ಲಿ ಒಂದು ತೊಡಕೂ ಇದೆ. ಆ ಲೋಡಿನ ಒಂದು ಬೀಜವನ್ನೂ ಒಡೆಯುವ ಮೊದಲೇ ಜನವರಿ ತಿಂಗಳು ನಷ್ಟದಂತೆ ಕಾಣುತ್ತದೆ. ವ್ಯತ್ಯಾಸದ ಖಾತೆಯನ್ನು ಓದಲು ಬಾರದವರು ಆ ತಿಂಗಳು ಕಾರ್ಖಾನೆಯಲ್ಲಿ ಏನೋ ಕೆಟ್ಟಿದೆ ಎಂದು ಕೆಲಸಗಾರರ ಕಡೆ ನೋಡುತ್ತಾರೆ. ಕೆಟ್ಟದ್ದು ಏನೂ ಇಲ್ಲ, ದರ ಏರಿದೆ ಅಷ್ಟೆ.

ನಿಜಕ್ಕೂ ಏನೋ ಕೆಟ್ಟಾಗ ಈ ಮೂರು ಹೇಗೆ ನಡೆದುಕೊಳ್ಳುತ್ತವೆ ಎಂಬುದು ಗೇರುಬೀಜದವರಿಗೆ ಎಲ್ಲಕ್ಕಿಂತ ಮುಖ್ಯ. ಮಳೆಗಾಲದಲ್ಲಿ ತೇವ ಹಿಡಿದ ಬೀಜದಲ್ಲಿ ಔಟ್‌ಟರ್ನ್ ಕುಸಿಯುತ್ತದೆ. ಸೆಪ್ಟೆಂಬರ್‌ನಲ್ಲಿ 10 ಟನ್ ಒಡೆದಾಗ 2,500 ಕಿಲೋ ತಿರುಳು ಬರಬೇಕಾದಲ್ಲಿ 2,350 ಮಾತ್ರ ಬಂತು ಎನ್ನಿ. ಚಲಿಸುವ ಸರಾಸರಿಯಲ್ಲಿ ಆ 10 ಟನ್‌ಗೆ 13.5 ಲಕ್ಷ, ತಿರುಳಿನ ಕಿಲೋಗೆ ಬೀಜದ ವೆಚ್ಚ 540ರ ಬದಲು ಸುಮಾರು 574 ಆಗುತ್ತದೆ. ಆಗಷ್ಟೇ ದರ 120ರಿಂದ 135ಕ್ಕೆ ಏರಿರುವುದರಿಂದ, ತಿರುಳಿನ ವೆಚ್ಚ ಮೇಲೇರಿದ್ದು ದರದಿಂದಲೋ ತೇವದಿಂದಲೋ ಎಂದು ವರದಿಯಿಂದ ತಿಳಿಯುವುದಿಲ್ಲ. ಹೆಚ್ಚಿನವರು ದರದ ತಲೆಗೆ ಕಟ್ಟಿ ಸುಮ್ಮನಾಗುತ್ತಾರೆ. ಫಿಫೊದಲ್ಲೂ ಒಂದು ಲೋಡಿನಿಂದ ಇನ್ನೊಂದಕ್ಕೆ ದಾಟುವ ತಿಂಗಳಲ್ಲಿ ಅದೇ ಕಥೆ. ಸ್ಟ್ಯಾಂಡರ್ಡ್‌ನಲ್ಲಿ ಲೆಕ್ಕ ಹೀಗೆ ಬಿಡಿಸಿಕೊಳ್ಳುತ್ತದೆ: 2,350 ಕಿಲೋ ತಿರುಳಿಗೆ 9.4 ಟನ್ ಬೀಜ ಸಾಕಿತ್ತು, ಬಳಸಿದ್ದು 10 ಟನ್. ಹೆಚ್ಚಾದ 600 ಕಿಲೋಗೆ 130ರಂತೆ 78,000 ರೂಪಾಯಿ ಬಳಕೆಯ ವ್ಯತ್ಯಾಸ. ಇದು ದರದ ವ್ಯತ್ಯಾಸದ ಪಕ್ಕದಲ್ಲೇ ಬೇರೆ ಸಾಲಾಗಿ ಬರುತ್ತದೆ. ದರದ ವ್ಯತ್ಯಾಸವನ್ನು ಹಿಡಿದು ಖರೀದಿಯವರನ್ನು ಕೇಳಬಹುದು. ಬಳಕೆಯ ವ್ಯತ್ಯಾಸವನ್ನು ಹಿಡಿದು ಗೋದಾಮಿನ ಚಾವಣಿ, ಒಣಗಿಸುವ ಅಂಗಳ, ಬಾಯ್ಲರಿನ ಹಬೆ ನೋಡಬೇಕು. ಎರಡು ಬೇರೆ ರೋಗಗಳನ್ನು ಒಂದೇ ಅಂಕಿಯಲ್ಲಿ ತೋರಿಸುವ ವರದಿಯಿಂದ ಯಾವುದಕ್ಕೂ ಮದ್ದು ಸಿಗುವುದಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಆಕ್ಷೇಪಗಳು ಏಳುತ್ತವೆ, ಏಳಬೇಕು ಕೂಡ. ಎರಡು ವರ್ಷ ಕೂಡಿ ನೋಡಿದರೆ ಎಲ್ಲ ಒಂದೇ ಅಲ್ಲವೇ ಎಂಬುದು ಮೊದಲನೆಯದು. ಹೌದು. ಫಿಫೊದಲ್ಲಿ ಈ ವರ್ಷ 8 ಲಕ್ಷ ಹೆಚ್ಚು ಕಂಡಿದ್ದರೆ ಮುಂದಿನ ವರ್ಷ ಅದೇ 30 ಟನ್ 47 ಲಕ್ಷದ ಹೊರೆಯಾಗಿ ಖರ್ಚಿಗೆ ಇಳಿಯುತ್ತದೆ, ಗೋದಾಮು ಖಾಲಿಯಾದ ದಿನ ಅಂತರ ಅಳಿಯುತ್ತದೆ. ಆದರೆ ಬದುಕು ಎರಡು ವರ್ಷ ಕೂಡಿಕೊಂಡು ನಡೆಯುವುದಿಲ್ಲ. ಮಾರ್ಚ್ 31ಕ್ಕೆ ಪಾಲು ಬಿಟ್ಟು ಹೋಗುವವನಿಗೆ 14.5 ಲಕ್ಷದ ಮೇಲೆ ಪಾಲೋ 6.5ರ ಮೇಲೋ ಎಂಬುದು ಅಳಿಯುವ ಅಂತರವಲ್ಲ. ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಕೂಡ ಹಾಗೆಯೇ. ಶೇ 25 ಮಾರ್ಜಿನ್ ಹಿಡಿದರೆ 47 ಲಕ್ಷದ ಮಾಲಿನ ಮೇಲೆ 35.25 ಲಕ್ಷ ಎತ್ತಬಹುದು, 39 ಲಕ್ಷದ ಮೇಲೆ 29.25. ಊರಿನ ಬೀಜ ಕೊಳ್ಳಲು ಕೈಯಲ್ಲಿ ಹಣ ಬೇಕಾಗುವುದು ಸರಿಯಾಗಿ ಮಾರ್ಚ್‌ನಲ್ಲೇ. ಹಾಗಾದರೆ ಬೇಕಾದ ವರ್ಷ ಬೇಕಾದ ಪದ್ಧತಿ ಹಿಡಿಯೋಣ ಎಂದರೆ ಆ ಬಾಗಿಲು ಮುಚ್ಚಿದೆ. ಪದ್ಧತಿ ಬದಲಿಸಲು ತಕ್ಕ ಕಾರಣ ಬೇಕು, ಬದಲಿಸಿದ್ದರಿಂದ ಲಾಭ ಎಷ್ಟು ಬದಲಾಯಿತು ಎಂದು ಲೆಕ್ಕಪತ್ರದಲ್ಲಿ ಹೇಳಬೇಕು. ಆದಾಯ ತೆರಿಗೆಯ ಐಸಿಡಿಎಸ್-2 ಕೂಡ ಸಕಾರಣವಿಲ್ಲದೆ ಬದಲಿಸಬಾರದು ಎನ್ನುತ್ತದೆ. ಟ್ಯಾಲಿಯಲ್ಲಿ ಮಾಲಿನ ಮಾಸ್ಟರ್‌ನಲ್ಲಿರುವ `Costing Method` ಎಂಬ ಒಂದು ಸಾಲನ್ನು ತಿದ್ದಿದರೆ ಕ್ಲೋಸಿಂಗ್ ಸ್ಟಾಕ್ ಆ ಕ್ಷಣದಲ್ಲೇ ಮರುಲೆಕ್ಕವಾಗುತ್ತದೆ. ತಿದ್ದುವುದು ಅಷ್ಟು ಸುಲಭ ಎಂಬ ಕಾರಣಕ್ಕೇ ಆ ಸಾಲನ್ನು ಮುಟ್ಟುವ ಅಧಿಕಾರ ಒಬ್ಬರಿಗೆ ಮಾತ್ರ ಇರಬೇಕು.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹಳೆಯ ಚೀಲವನ್ನೇ ಮೊದಲು ತೆಗೆಯುತ್ತೇವೆ, ಇಲ್ಲವಾದರೆ ಬೀಜ ಹಾಳಾಗುತ್ತದೆ. ಆದ್ದರಿಂದ ನಡೆಯುವುದನ್ನು ಇದ್ದಂತೆ ಹೇಳುವುದು ಫಿಫೊ ಒಂದೇ, ಉಳಿದವು ಕಾಗದದ ಆಟ ಎನ್ನುತ್ತಾರೆ. ಚೀಲದ ಓಡಾಟಕ್ಕೂ ವೆಚ್ಚದ ಓಡಾಟಕ್ಕೂ ನಂಟಿರಬೇಕೆಂಬ ನಿಯಮ ಇಲ್ಲ ಎಂದು ಉತ್ತರಿಸಿ ಮುಗಿಸಬಹುದಿತ್ತು. ಆದರೆ ಅವರ ಮಾತಿನಲ್ಲಿ ತೂಕವಿದೆ. ತಾಂಜಾನಿಯಾದ ಬೀಜಕ್ಕೂ ಪಶ್ಚಿಮ ಆಫ್ರಿಕಾದ ಬೀಜಕ್ಕೂ ಊರಿನ ಬೀಜಕ್ಕೂ ಔಟ್‌ಟರ್ನ್ ಬೇರೆ, ಕಾಳಿನ ಗಾತ್ರ ಬೇರೆ. ಹೆಚ್ಚು ತಿರುಳು ಕೊಡುವ ಬೀಜಕ್ಕೆ ಹೆಚ್ಚು ದರ ಕೊಟ್ಟಿರುತ್ತೇವೆ. ಅವನ್ನು ಒಂದೇ ಹೆಸರಿನಡಿ ಸರಾಸರಿ ಮಾಡಿದರೆ ಅಗ್ಗದ ಬೀಜದ ತಿರುಳು ದುಬಾರಿಯಾಗಿಯೂ ದುಬಾರಿ ಬೀಜದ ತಿರುಳು ಅಗ್ಗವಾಗಿಯೂ ತೋರುತ್ತದೆ. ಇದಕ್ಕೆ ಮದ್ದು ಫಿಫೊ ಅಲ್ಲ, ಇಆರ್‌ಪಿಯಲ್ಲಿ ಅವನ್ನು ಬೇರೆ ಬೇರೆ ಮಾಲುಗಳೆಂದೇ ನಮೂದಿಸುವುದು. ಮೂಲವಾರು ಮಾಲನ್ನು ಬಿಡಿಸಿದ ಮೇಲೆ ಒಂದೊಂದರೊಳಗೆ ಸರಾಸರಿ ನ್ಯಾಯವಾಗಿಯೇ ನಡೆಯುತ್ತದೆ. ಸ್ಟ್ಯಾಂಡರ್ಡ್ ಹಿಡಿಯುವವರೂ ಮೂರಕ್ಕೆ ಮೂರು ದರ, ಮೂರು ಔಟ್‌ಟರ್ನ್ ಇಟ್ಟುಕೊಳ್ಳಬೇಕು. ನಾನು ಮೇಲೆ ಎಲ್ಲಕ್ಕೂ 130 ಎಂದದ್ದು ಲೆಕ್ಕ ಸರಳವಾಗಿರಲಿ ಎಂದಷ್ಟೇ.

ಪದ್ಧತಿ ಯಾವುದೇ ಇರಲಿ, ಅಂಕಿ ಕೆಡುವುದು ಹೆಚ್ಚಾಗಿ ಪದ್ಧತಿಯಿಂದಲ್ಲ, ನಮೂದಿನ ಕ್ರಮದಿಂದ. ಲಾರಿ ಬಂದು ಮಾಲು ಇಳಿದಿದೆ, ಬಾಯ್ಲರಿಗೂ ಹೋಗಿದೆ, ಆದರೆ ಬಿಲ್ಲು ಕಚೇರಿಗೆ ಬಂದಿಲ್ಲ. ಗೋದಾಮಿನವರು ಬಳಕೆ ಮಾತ್ರ ನಮೂದಿಸುತ್ತಾರೆ. ಲೆಕ್ಕದಲ್ಲಿ 120ರ ದರದ 2 ಟನ್ ಇದ್ದಾಗ 5 ಟನ್ ಬಳಸಿದೆ ಎಂದು ಬರೆದರೆ, ಋಣ ಸ್ಟಾಕನ್ನು ಒಪ್ಪುವ ಸಾಫ್ಟ್‌ವೇರ್ ಅದನ್ನು 120ರಲ್ಲೇ ಖರ್ಚು ಹಾಕಿ ಮೈನಸ್ 3 ಟನ್, ಮೈನಸ್ 3.6 ಲಕ್ಷ ಎಂದು ತೋರಿಸಬಹುದು. ಆಮೇಲೆ 165ರ 20 ಟನ್ ಬಿಲ್ಲು ಏರಿಸಿದಾಗ 33 ಲಕ್ಷದಿಂದ 3.6 ಲಕ್ಷ ಕಳೆದು 29.4 ಲಕ್ಷ ಉಳಿಯುತ್ತದೆ, ತೂಕ 17 ಟನ್. ಭಾಗಿಸಿ ನೋಡಿ: ಕಿಲೋಗೆ ಸುಮಾರು 173. ಯಾವ ಬಿಲ್ಲಿನಲ್ಲೂ ಇಲ್ಲದ ದರ. ತಡವಾಗಿ ಬರುವ ಕ್ಲಿಯರಿಂಗ್ ಏಜೆಂಟರ ಬಿಲ್ಲು, ಬಂದರಿನ ಬಾಡಿಗೆಯ ಬಿಲ್ಲು ಕೂಡ ಇದೇ ಕೆಲಸ ಮಾಡುತ್ತವೆ. 20 ಟನ್‌ಗೆ ಸಂಬಂಧಿಸಿದ 1.2 ಲಕ್ಷದ ಬಿಲ್ಲು ಗೋದಾಮಿನಲ್ಲಿ 2 ಟನ್ ಮಾತ್ರ ಉಳಿದಾಗ ಏರಿದರೆ, ಪೂರ್ತಿ ಹಣ ಆ 2 ಟನ್ ಮೇಲೆ ಕೂತು ಕಿಲೋಗೆ 60 ರೂಪಾಯಿ ಉಬ್ಬುತ್ತದೆ. ಎಸ್‌ಎಪಿ ಇಂಥ ಕಡೆ ಉಳಿದ ಮಾಲಿನ ಪಾಲನ್ನು ಮಾತ್ರ ಮಾಲಿಗೆ ಹಾಕಿ ಮಿಕ್ಕಿದ್ದನ್ನು ದರ ವ್ಯತ್ಯಾಸದ ಖಾತೆಗೆ ಕಳಿಸುತ್ತದೆ. ಎಲ್ಲ ಸಾಫ್ಟ್‌ವೇರೂ ಹಾಗೆ ಮಾಡುತ್ತದೆ ಎಂದು ನಂಬಿ ಕೂರಬಾರದು. ಪತ್ತೆಹಚ್ಚಲು ಒಂದು ಸರಳ ಪರೀಕ್ಷೆ ಇದೆ. ಸರಾಸರಿ ಎಂಬುದು ಎಲ್ಲ ಖರ್ಚು ಸೇರಿದ ಅತಿ ಕಡಿಮೆ ಖರೀದಿ ದರಕ್ಕಿಂತ ಕೆಳಗಿಳಿಯಲು ಸಾಧ್ಯವಿಲ್ಲ, ಅತಿ ಹೆಚ್ಚಿನದನ್ನು ಮೀರಲೂ ಸಾಧ್ಯವಿಲ್ಲ. ಪ್ರತಿ ತಿಂಗಳು ಸ್ಟಾಕ್ ವರದಿಯ ದರದ ಕಾಲಂ ಮೇಲೆ ಈ ಎರಡು ಗೆರೆ ಎಳೆದು ನೋಡಿದರೆ ಹೊರಗೆ ಬಿದ್ದ ಮಾಲೇ ನಮೂದು ತಪ್ಪಿದ ಜಾಗವನ್ನು ತೋರಿಸುತ್ತದೆ. ಹಿಂದಿನ ದಿನಾಂಕ ಹಾಕಿ ಬಿಲ್ಲು ಏರಿಸುವವರಿಗೂ ಒಂದು ಮಾತು. ಫಿಫೊ ಮತ್ತು ಚಲಿಸುವ ಸರಾಸರಿಯಲ್ಲಿ ಹಾಗೆ ಮಾಡಿದರೆ ಆ ದಿನದಿಂದ ಈಚಿನ ಎಲ್ಲ ಬಳಕೆಯ ದರವೂ ಮರುಲೆಕ್ಕವಾಗಬೇಕಾಗುತ್ತದೆ; ಇಆರ್‌ಪಿನೆಕ್ಸ್ಟ್ ಅದನ್ನು `Repost Item Valuation` ಎಂಬ ಹೆಸರಿನಲ್ಲಿ ಮಾಡುತ್ತದೆ. ಬ್ಯಾಂಕಿಗೆ ಕೊಟ್ಟ ಡಿಸೆಂಬರ್ ವರದಿಯನ್ನು ಮಾರ್ಚ್‌ನಲ್ಲಿ ಮತ್ತೆ ತೆಗೆದಾಗ ಲಾಭ ಬೇರೆ ಬಂದರೆ ಕಾರಣ ಇದೇ ಇರಬಹುದು. ಮುಗಿದ ತಿಂಗಳಿಗೆ ಬೀಗ ಹಾಕುವುದೊಂದೇ ಪರಿಹಾರ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ನಮ್ಮ ಕಡೆಯ ಗೇರುಬೀಜದ ಕಾರ್ಖಾನೆಗೆ ಲೆಕ್ಕಪತ್ರಕ್ಕಾಗಿ ಮೂಲವಾರು ಚಲಿಸುವ ಸರಾಸರಿ ಹೊಂದುತ್ತದೆ. ಅದು ದರದ ಏರಿಳಿತವನ್ನು ತೀರಾ ಮುಚ್ಚಿಡುವುದೂ ಇಲ್ಲ, ಒಂದೇ ತಿಂಗಳ ತಲೆಗೆ ಕಟ್ಟುವುದೂ ಇಲ್ಲ. ಅದರ ಜೊತೆಗೆ ಒಳಗಿನ ತಿಂಗಳ ವರದಿಗೆ ಸ್ಟ್ಯಾಂಡರ್ಡ್ ದರ ಮತ್ತು ಸ್ಟ್ಯಾಂಡರ್ಡ್ ಔಟ್‌ಟರ್ನ್ ಇಟ್ಟುಕೊಂಡು ಎರಡು ವ್ಯತ್ಯಾಸಗಳನ್ನು ಬೇರೆಯಾಗಿ ನೋಡಬೇಕು. ಇಆರ್‌ಪಿಯಲ್ಲಿ ಅದಕ್ಕೆ ಸೌಲಭ್ಯ ಇಲ್ಲದಿದ್ದರೆ ಒಂದು ಸ್ಪ್ರೆಡ್‌ಶೀಟ್ ಸಾಕು. ಸ್ಟ್ಯಾಂಡರ್ಡ್ ದರವನ್ನು ವರ್ಷಕ್ಕೊಮ್ಮೆ ಬರೆದು ಮರೆಯುವ ಹಾಗಿಲ್ಲ. ಊರಿನ ಬೀಜದ ಸೀಸನ್ ತೆರೆಯುವ ಮುನ್ನ ಒಮ್ಮೆ, ಪ್ರತಿ ಆಮದು ಒಪ್ಪಂದಕ್ಕೆ ಸಹಿ ಬೀಳುವಾಗ ಒಮ್ಮೆ ಅದನ್ನು ತಿದ್ದಬೇಕು. 165ಕ್ಕೆ ಕೊಳ್ಳುವಾಗಲೂ 130 ಎಂದೇ ಕೂತ ಸ್ಟ್ಯಾಂಡರ್ಡ್‌ನಿಂದ ತಿಂಗಳು ತಿಂಗಳೂ ದೊಡ್ಡ ವ್ಯತ್ಯಾಸ ಬಂದು, ಕೊನೆಗೆ ಯಾರೂ ಆ ಖಾತೆಯನ್ನು ನೋಡುವುದನ್ನೇ ಬಿಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಮೂರು ಪದ್ಧತಿಗಳಿಗೂ ಒಂದೇ ಮಿತಿಯಿದೆ, ಅದನ್ನು ಸಾಮಾನ್ಯವಾಗಿ ಯಾವ ಸಾಫ್ಟ್‌ವೇರೂ ತಾನಾಗಿ ನೋಡಿಕೊಳ್ಳುವುದಿಲ್ಲ. ಮಾಲಿನಿಂದ ವೆಚ್ಚಕ್ಕಿಂತ ಕಡಿಮೆ ಹಣವೇ ಹುಟ್ಟುವುದಾದರೆ ಅದನ್ನು ಆ ಕಡಿಮೆ ಬೆಲೆಗೇ ತೋರಿಸಬೇಕು. ಮಾರ್ಚ್ ಕೊನೆಗೆ ಬೀಜದ ಪೇಟೆ ಇಳಿದಿದೆ, ತಿರುಳಿಗೂ 700ಕ್ಕಿಂತ ಹೆಚ್ಚು ಸಿಗುವ ಸೂಚನೆ ಇಲ್ಲ ಎನ್ನಿ. ಉಳಿದ 30 ಟನ್ ಒಡೆದರೆ 7.5 ಟನ್ ತಿರುಳು, ಅದಕ್ಕೆ 52.5 ಲಕ್ಷ. 90 ಟನ್‌ಗೆ 25 ಲಕ್ಷವಾದ ಒಡೆಯುವ ಖರ್ಚು 30 ಟನ್‌ಗೆ ಸುಮಾರು 8.33 ಲಕ್ಷ. ಅದನ್ನು ಕಳೆದರೆ ಬೀಜದ ಪಾಲಿಗೆ ಉಳಿಯುವುದು 44.17 ಲಕ್ಷ. ಅಂದರೆ ಫಿಫೊದ 47 ಲಕ್ಷವೂ ಚಲಿಸುವ ಸರಾಸರಿಯ 45 ಲಕ್ಷವೂ ನಿಲ್ಲುವುದಿಲ್ಲ, ಎರಡನ್ನೂ ಅಲ್ಲಿಗೆ ಇಳಿಸಿ ನಷ್ಟವನ್ನು ಈ ವರ್ಷವೇ ಬರೆಯಬೇಕು. ಪೇಟೆ ಇನ್ನೂ ಕೆಳಗಿದ್ದು ಹೊಸ ಬೀಜ ಅದಕ್ಕಿಂತ ಅಗ್ಗಕ್ಕೆ ಸಿಗುವುದಾದರೆ, ಆ ಮರುಖರೀದಿ ದರವನ್ನೇ ಅಳತೆಯಾಗಿ ಹಿಡಿಯಲು ಎಎಸ್-2 ಅವಕಾಶ ಕೊಡುತ್ತದೆ. ತಿರುಳಿಗೆ ಒಳ್ಳೆಯ ದರ ಇನ್ನೂ ಇದ್ದು ಬೀಜದ ಪೇಟೆ ಮಾತ್ರ ಇಳಿದಿದ್ದರೆ ಹೀಗೆ ಇಳಿಸುವ ಅಗತ್ಯವಿಲ್ಲ. ಅಲ್ಲಿ ನೋಡಬೇಕಾದದ್ದು ಬೀಜದ ದರವನ್ನಲ್ಲ, ಅದರಿಂದಾಗುವ ತಿರುಳು ತನ್ನ ವೆಚ್ಚವನ್ನು ಹುಟ್ಟಿಸುತ್ತದೆಯೇ ಎಂಬುದನ್ನು. ಈ ಲೆಕ್ಕವನ್ನು ಮಾರ್ಚ್ 31ರ ಆಸುಪಾಸಿನ ತಿರುಳಿನ ಮಾರಾಟ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೈಯಲ್ಲೇ ಮಾಡಬೇಕು, ಮಾಡಿದ ಕಾಗದವನ್ನು ಆಡಿಟರಿಗಾಗಿ ಎತ್ತಿಡಬೇಕು.